ಬಾಟಲಿಯ ಮೇಲಿನ ಒಂದು ಚುಕ್ಕೆ: ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಪತ್ರ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಟೈಟ್ರೇಷನ್ ಪ್ರಯೋಗವನ್ನು ಮಾಡಿಸುವ ಹೊಣೆ ನನಗೆ ಬಂದಿತ್ತು. ಎರಡನೆಯ ಬ್ಯಾಚಿನ ದಿನ ನನ್ನಿಂದಲೇ ಒಂದು ತಪ್ಪಾಯಿತು. ಮರುದಿನ ಅದನ್ನು ತರಗತಿಯಲ್ಲಿ ವಿವರಿಸಿದೆ. ಆದರೆ ಆಡಿದ ಮಾತು ಉಳಿಯುವುದಿಲ್ಲವೆಂದು ತೋರಿ, ಪತ್ರವಾಗಿ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಿದೆ. ಸಹಪ್ರಶಿಕ್ಷಣಾರ್ಥಿಗಳಿಗೂ ಉಪಯೋಗವಾದೀತೆಂದು ಆ ಪತ್ರವನ್ನು ಇಲ್ಲಿ ಕೊಟ್ಟಿದ್ದೇನೆ.

ಪ್ರೀತಿಯ ವಿದ್ಯಾರ್ಥಿಗಳೇ,

ನಿನ್ನೆ ನಿಮ್ಮಲ್ಲೊಬ್ಬಳು ಬ್ಯೂರೆಟ್ ಹಿಡಿದುಕೊಂಡೇ, "ಮಿಸ್, ಒಂದೇ ಎಂ.ಎಲ್‌ಗೆ ಪಿಂಕ್ ಬಂದುಬಿಡ್ತು" ಎಂದು ಕರೆದಳು. ಇಂಡಿಕೇಟರ್ ಹೆಚ್ಚು ಹಾಕಿರಬಹುದು, ಪಿಪೆಟ್ ಸರಿಯಾಗಿ ತುಂಬಿಲ್ಲದಿರಬಹುದು ಎಂದುಕೊಂಡು ಇನ್ನೊಮ್ಮೆ ಮಾಡಲು ಹೇಳಿದೆ. ಮತ್ತೆ 1.0 ಮಿ.ಲೀ.ಗೇ ಬಣ್ಣ ಬಂತು. ಪಕ್ಕದ ಮೇಜಿನವರಿಗೆ ಮಾತ್ರ 10.3 ಮಿ.ಲೀ. ಬಂದಿತ್ತು. ಎರಡೂ ಮೇಜಿನಲ್ಲಿ ಆಕ್ಸಾಲಿಕ್ ಆಮ್ಲ ಒಂದೇ, ಫಿನಾಲ್ಫ್ತಲೀನ್ ಒಂದೇ. ಬೇರೆಯಾಗಿದ್ದದ್ದು ಸೋಡಿಯಂ ಹೈಡ್ರಾಕ್ಸೈಡಿನ ಬಾಟಲಿ ಮಾತ್ರ.

ಲೆಕ್ಕ ಮಾಡಿ ನೋಡೋಣ. ಕೋನಿಕಲ್ ಫ್ಲಾಸ್ಕಿನಲ್ಲಿ ಇದ್ದದ್ದು 0.05 M ಆಕ್ಸಾಲಿಕ್ ಆಮ್ಲ, 10 ಮಿ.ಲೀ. ಅಂದರೆ ಅದರಲ್ಲಿ 0.5 ಮಿಲಿಮೋಲ್ ಆಮ್ಲವಿದೆ. ಆಕ್ಸಾಲಿಕ್ ಆಮ್ಲದ ಒಂದು ಅಣು ಎರಡು NaOH ಅನ್ನು ಬೇಡುತ್ತದೆ. ಹಾಗಾಗಿ ಬೇಕಾದ NaOH 1 ಮಿಲಿಮೋಲ್. ದ್ರಾವಣ 0.1 M ಆಗಿದ್ದರೆ ಅಷ್ಟು NaOH 10 ಮಿ.ಲೀ.ಯಲ್ಲಿ ಸಿಗುತ್ತದೆ. 1 ಮಿ.ಲೀ.ಯಲ್ಲೇ ಸಿಕ್ಕಿತೆಂದರೆ ಆ ಬಾಟಲಿಯಲ್ಲಿದ್ದದ್ದು 1 M ದ್ರಾವಣ. ಹತ್ತು ಪಟ್ಟು ಪ್ರಬಲವಾದದ್ದು ನಿಮ್ಮ ಕೈಗೆ ಬಂದಿತ್ತು.

ಅದು ಹೇಗೆ ಬಂತೆಂದು ಹೇಳುತ್ತೇನೆ. ಹಿಂದಿನ ದಿನ ಸಂಜೆ ನಾನು 20 ಗ್ರಾಂ NaOH ಕರಗಿಸಿ 500 ಮಿ.ಲೀ.ಗೆ ತಂದು 1 M ದ್ರಾವಣ ಮಾಡಿದೆ. ಅದರಲ್ಲಿ 100 ಮಿ.ಲೀ. ತೆಗೆದು 1 ಲೀಟರಿಗೆ ತೆಳು ಮಾಡಿದಾಗ 0.1 M ಆಯಿತು. ಎರಡನ್ನೂ ಒಂದೇ ಬಗೆಯ ಬಾಟಲಿಗಳಿಗೆ ಸುರಿದು, ಕಾಗದದ ಚೀಟಿ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಒಂದರ ಮೇಲೆ "NaOH 1 M" ಎಂದೂ ಇನ್ನೊಂದರ ಮೇಲೆ "NaOH .1 M" ಎಂದೂ ಬರೆದೆ. ಬೆಳಿಗ್ಗೆ ಮೊದಲ ಬೀಕರಿಗೆ ಸುರಿಯುವಾಗ ಒಂದು ಹನಿ ಬಾಟಲಿಯ ಹೊರಮೈಯಲ್ಲಿ ಇಳಿದು ಚೀಟಿಯನ್ನು ತೋಯಿಸಿತು. ಶಾಯಿ ಹರಡಿ ಚುಕ್ಕೆ ಅಳಿಸಿಹೋಯಿತು. ಈಗ ಎರಡು ಬಾಟಲಿಗಳ ಮೇಲೂ ಒಂದೇ ಬರಹ. ಅಟೆಂಡರ್ ಎರಡನ್ನೂ ಒಂದೇ ದ್ರಾವಣವೆಂದು ತಿಳಿದು ಮೇಜಿಗೊಂದರಂತೆ ಇಟ್ಟರು. ಅವರದೇನೂ ತಪ್ಪಿಲ್ಲ, ಅವರು ಚೀಟಿಯನ್ನು ಓದಿಯೇ ಇಟ್ಟದ್ದು. ತಪ್ಪು ಚೀಟಿ ಬರೆದ ನನ್ನದು, ಬೇಡದ 1 M ಬಾಟಲಿಯನ್ನು ಬೀರುವಿನಲ್ಲಿಡದೆ ಹೊರಗೆ ಬಿಟ್ಟ ನನ್ನದು.

ಉತ್ತರ ತಪ್ಪಿದ್ದಕ್ಕೆ ನಾನು ಹೆದರಲಿಲ್ಲ. ಬ್ಯೂರೆಟ್ ತುಂಬುವಾಗ ನಿಮ್ಮಲ್ಲಿ ಕೆಲವರು ಸ್ಟ್ಯಾಂಡನ್ನು ಮೇಜಿನ ಮೇಲೆಯೇ ಇಟ್ಟು, ಮುಖಕ್ಕಿಂತ ಎತ್ತರದಲ್ಲಿದ್ದ ಫನಲ್‌ಗೆ ಕೈ ಎತ್ತಿ ಸುರಿಯುತ್ತಿದ್ದಿರಿ. ಅದನ್ನು ನೆನೆದು ಹೆದರಿದೆ. ಕ್ಷಾರವು ಕಣ್ಣಿನ ಅಂಗಾಂಶವನ್ನು ಕರಗಿಸುತ್ತಾ ಒಳಗೆ ಇಳಿಯುತ್ತದೆ. 1 M ದ್ರಾವಣದ ಒಂದು ಹನಿ ಕಣ್ಣಿಗೆ ಬಿದ್ದರೂ ಅಪಾಯ. 0.1 M ಕೂಡ ಕಣ್ಣಿಗೆ ಒಳ್ಳೆಯದಲ್ಲ, ಆದರೆ ಇವೆರಡರ ನಡುವೆ ತುಂಬ ಅಂತರವಿದೆ. ಆ ಅಂತರವನ್ನು ತಿಳಿಸಲು ಅಲ್ಲಿದ್ದದ್ದು ಆ ಚುಕ್ಕೆಯೊಂದೇ. ಎರಡೂ ದ್ರಾವಣಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿದ್ದ ಆಕ್ಸಾಲಿಕ್ ಆಮ್ಲವೂ ನೋಡಲು ನೀರಿನಂತೆಯೇ. ಅದು ವಿಷ ಬೇರೆ.

ಆದ್ದರಿಂದ ಚೀಟಿ ಬರೆಯುವ ಕ್ರಮವನ್ನು ಇಂದಿನಿಂದ ಬದಲಿಸೋಣ. ಮೊದಲನೆಯದಾಗಿ, ದ್ರಾವಣವನ್ನು ಸುರಿಯುವ ಮುಂಚೆಯೇ ಖಾಲಿ ಬಾಟಲಿಗೆ ಚೀಟಿ ಅಂಟಿಸಿ. "ತುಂಬಿದ ಮೇಲೆ ಬರೆದರಾಯಿತು" ಎಂದುಕೊಂಡಾಗಲೇ ಗಂಟೆ ಹೊಡೆಯುತ್ತದೆ, ಯಾರೋ ಕರೆಯುತ್ತಾರೆ, ಬಾಟಲಿ ಹೆಸರಿಲ್ಲದೆ ಉಳಿಯುತ್ತದೆ. ಚೀಟಿ ಬಾಟಲಿಯ ಮೈಮೇಲಿರಲಿ, ಮುಚ್ಚಳದ ಮೇಲೆ ಬೇಡ. ಮುಚ್ಚಳಗಳು ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಸ್ಕೆಚ್ ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ, ಸೀಸದ ಕಡ್ಡಿಯ ಬರಹ ಹರಡುವುದಿಲ್ಲ. ಪೆನ್ಸಿಲ್‌ನಲ್ಲಿ ಒತ್ತಿ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿದರೆ ಸಾಕು.

ನಿನ್ನೆಯ ಬಾಟಲಿಗೆ ನಾನು ಈಗ ಬರೆದಿರುವ ಚೀಟಿ ಹೀಗಿದೆ:

ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ (NaOH)
ಸುಮಾರು 0.1 M
ಟೈಟ್ರೇಷನ್‌ನಿಂದ ತಿಳಿದದ್ದು: 0.097 M
ತಯಾರಿಸಿದ ದಿನಾಂಕ, ಟೈಟ್ರೇಟ್ ಮಾಡಿದ ದಿನಾಂಕ
ತಯಾರಿಸಿದವರ ಹೆಸರು
ಕಣ್ಣಿಗೆ, ಚರ್ಮಕ್ಕೆ ಹಾನಿಕರ

ಸೂತ್ರದ ಜೊತೆ ಪೂರ್ಣ ಹೆಸರು ಇದ್ದರೆ, ಒಂದು ಅಳಿಸಿದರೂ ಇನ್ನೊಂದು ಉಳಿಯುತ್ತದೆ. ಚುಕ್ಕೆಯ ಹಿಂದೆ ಸೊನ್ನೆ ಏಕೆಂದು ಈಗ ನಿಮಗೇ ಗೊತ್ತು. "0.1"ರಲ್ಲಿ ಚುಕ್ಕೆ ಅಳಿಸಿದರೆ "0 1" ಎಂದು ವಿಚಿತ್ರವಾಗಿ ಕಾಣುತ್ತದೆ, ಓದುವವರು ನಿಂತು ಕೇಳುತ್ತಾರೆ. ".1"ರಲ್ಲಿ ಚುಕ್ಕೆ ಹೋದರೆ ಸುಮ್ಮನೆ "1" ಆಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

"ಸುಮಾರು" ಎಂಬ ಪದವನ್ನು ನೋಡಿ ನಿಮ್ಮಲ್ಲೊಬ್ಬ, "ಮಿಸ್, ತೂಕ ಮಾಡಿಯೇ ಹಾಕಿದ್ದಲ್ವಾ, ಸುಮಾರು ಯಾಕೆ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. NaOH ಗುಳಿಗೆಗಳನ್ನು ತಕ್ಕಡಿಯ ಮೇಲಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಅವು ಒದ್ದೆಯಾಗಿ ಹೊಳೆಯುತ್ತವೆ. ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಅವು ಹೀರಿಕೊಳ್ಳುತ್ತವೆ. ಆದ್ದರಿಂದ ನಾವು ತೂಗಿದ 20 ಗ್ರಾಂನಲ್ಲಿ ಪೂರ್ತಿ 20 ಗ್ರಾಂ NaOH ಇರುವುದಿಲ್ಲ. ಸ್ಫಟಿಕ ಆಕ್ಸಾಲಿಕ್ ಆಮ್ಲ ಹಾಗಲ್ಲ. ಅದರ 1.575 ಗ್ರಾಂ ತೂಗಿ 250 ಮಿ.ಲೀ. ಮಾಡಿದರೆ ಅದು 0.05 M ಎಂದು ನಂಬಿ ಬರೆಯಬಹುದು. ಅದನ್ನೇ ಅಳತೆಗೋಲಾಗಿ ಹಿಡಿದು NaOH ಅನ್ನು ಅಳೆಯುತ್ತೇವೆ. ಪಕ್ಕದ ಮೇಜಿನವರ 10.3 ಮಿ.ಲೀ. ತಪ್ಪು ಉತ್ತರವಾಗಿರಲಿಲ್ಲ. 1 ಮಿಲಿಮೋಲನ್ನು 10.3ರಿಂದ ಭಾಗಿಸಿದರೆ 0.097 M ಬರುತ್ತದೆ. ಆ ಬಾಟಲಿಯ ನಿಜವಾದ ಮೊಲಾರಿಟಿ ಅದೇ.

ದಿನಾಂಕ ಬರೆಯುವುದಕ್ಕೂ ಇದೇ ಕಾರಣ. ಮುಚ್ಚಳ ಸಡಿಲವಾಗಿದ್ದರೆ ದ್ರಾವಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರುತ್ತಲೇ ಇರುತ್ತದೆ, NaOH ಸ್ವಲ್ಪಸ್ವಲ್ಪವೇ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಎರಡು NaOH ಹೋಗಿ ಒಂದು ಕಾರ್ಬೊನೇಟ್ ಹುಟ್ಟುತ್ತದೆ. ಫಿನಾಲ್ಫ್ತಲೀನ್ ಬಣ್ಣ ಬದಲಿಸುವ ಹಂತದಲ್ಲಿ ಆ ಕಾರ್ಬೊನೇಟ್ ಒಂದು NaOH ಮಾಡುವಷ್ಟು ಕೆಲಸವನ್ನು ಮಾತ್ರ ಮಾಡುತ್ತದೆ. ಹಾಗಾಗಿ ದಿನ ಕಳೆದಂತೆ ಬ್ಯೂರೆಟ್ ಓದು ಮೆಲ್ಲನೆ ಏರುತ್ತದೆ. ಬಾಟಲಿಯ ಬಾಯಿಯ ಸುತ್ತ ಬಿಳಿ ಹರಳು ಕಟ್ಟಿರುವುದು ಕಂಡರೆ ಅದೂ ಈ ಕಾರ್ಬೊನೇಟೇ. ಗಾಜಿನ ಬಿರಡೆಯನ್ನು ಕ್ಷಾರ ಕಚ್ಚಿಹಿಡಿಯುತ್ತದೆ. ಅದಕ್ಕೇ NaOH ದ್ರಾವಣಕ್ಕೆ ತಿರುಗಿಸುವ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯೇ ಸರಿ. ಆದರೆ ಕುಡಿಯುವ ನೀರಿನ ಬಾಟಲಿ ಯಾವ ಕಾರಣಕ್ಕೂ ಬೇಡ. ಎಷ್ಟು ದೊಡ್ಡ ಚೀಟಿ ಅಂಟಿಸಿದ್ದರೂ ಬಾಯಾರಿದವನು ಅದನ್ನು ಓದುವುದಿಲ್ಲ.

ಇನ್ನು ಕೈಯ ಅಭ್ಯಾಸಗಳು. ಸುರಿಯುವಾಗ ಚೀಟಿ ಅಂಗೈಯ ಕಡೆ ಇರಲಿ. ಆಗ ಇಳಿಯುವ ಹನಿ ಆಚೆ ಬದಿಯಲ್ಲಿ ಇಳಿಯುತ್ತದೆ. ಇಷ್ಟನ್ನು ನಾನು ಪಾಲಿಸಿದ್ದರೆ ಆ ಚುಕ್ಕೆ ಉಳಿಯುತ್ತಿತ್ತು. ಬ್ಯೂರೆಟ್ ತುಂಬುವಾಗ ಸ್ಟ್ಯಾಂಡನ್ನು ಸ್ಟೂಲಿನ ಮೇಲೆ ಇಳಿಸಿ, ಫನಲ್ ನಿಮ್ಮ ಗದ್ದಕ್ಕಿಂತ ಕೆಳಗಿರಲಿ, ಕನ್ನಡಕ ಹಾಕಿಕೊಂಡಿರಿ. ಪಿಪೆಟ್‌ಗೆ ರಬ್ಬರ್ ಬಲ್ಬ್ ಬಳಸಿ. ಬಾಯಿಂದ ಎಳೆಯುವುದು ಸುಲಭವೆಂದು ನೀವು ಹೇಳುತ್ತೀರಿ, ಆದರೆ ನಿನ್ನೆಯಂತೆ ಬಾಟಲಿ ಅದಲುಬದಲಾದ ದಿನ ಬಾಯಿಗೆ ಬರುವುದು ಏನೆಂದು ಯಾರಿಗೆ ಗೊತ್ತು? ಬೀಕರಿನಲ್ಲಿ ಉಳಿದ ದ್ರಾವಣವನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಹಾಗೆ ಸುರಿದ ಮೇಲೆ ಚೀಟಿಯ ಮೇಲಿನ ಅಂಕಿ ಸುಳ್ಳಾಗಬಹುದು.

ಬೆರಳು ಸೋಪು ಹಚ್ಚಿದಂತೆ ಜಾರುತ್ತಿದ್ದರೆ ಕ್ಷಾರ ತಾಗಿದೆಯೆಂದು ತಿಳಿಯಿರಿ. ಆ ಜಾರಿಕೆ ಹೋಗುವವರೆಗೂ, ಹೋದ ಮೇಲೂ ಸ್ವಲ್ಪ ಹೊತ್ತು, ಹರಿಯುವ ನೀರಿನಲ್ಲಿ ತೊಳೆಯಿರಿ. ಆಮ್ಲ ಹಾಕಿ ತಟಸ್ಥಗೊಳಿಸುವ ಪಾಠವನ್ನು ಚರ್ಮದ ಮೇಲೆ ಪ್ರಯೋಗಿಸಬೇಡಿ. ಅದರಿಂದ ಶಾಖ ಹುಟ್ಟಿ ಗಾಯ ಹೆಚ್ಚುತ್ತದೆ. ಕಣ್ಣಿಗೆ ಬಿದ್ದರೆ ಆ ಕ್ಷಣವೇ ನಲ್ಲಿಯ ಬಳಿ ಹೋಗಿ, ರೆಪ್ಪೆ ಬಿಡಿಸಿ ಹಿಡಿದು, ಮೆಲ್ಲನೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಉರಿ ಕಡಿಮೆಯಾಯಿತೆಂದು ನಿಲ್ಲಿಸಬಾರದು. ಆಮೇಲೆ ವೈದ್ಯರ ಬಳಿ ಹೋಗಲೇಬೇಕು. ಹೋಗುವಾಗ ಚೀಟಿಯಲ್ಲಿ ಏನಿತ್ತೆಂದು ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಚೀಟಿಯಿಲ್ಲದ ಬಾಟಲಿ ಸಿಕ್ಕರೆ ಮೂಸಬೇಡಿ, ಊಹಿಸಬೇಡಿ, ಸಿಂಕಿಗೆ ಸುರಿಯಬೇಡಿ. "ಏನೆಂದು ತಿಳಿಯದು" ಎಂದು ಬರೆದ ಚೀಟಿ ಅಂಟಿಸಿ, ಬದಿಗಿಟ್ಟು, ನಮಗೆ ತಿಳಿಸಿ. ಹಾಗೆ ಬರೆಯುವುದು ನಾಚಿಕೆಯ ಸಂಗತಿಯಲ್ಲ. ತಿಳಿಯದ್ದನ್ನು ತಿಳಿದಂತೆ ಬರೆಯುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಕೊನೆಯದಾಗಿ, ಒಂದು ಎಂ.ಎಲ್‌ಗೆ ಪಿಂಕ್ ಬಂದದ್ದನ್ನು ಮುಚ್ಚಿಟ್ಟು, ಪಕ್ಕದವರ 10.3 ಅನ್ನು ನೋಡಿ ರೆಕಾರ್ಡಿನಲ್ಲಿ ಬರೆದುಬಿಡಬಹುದಿತ್ತು. ಅವಳು ಹಾಗೆ ಮಾಡದೆ ಕರೆದಳು. ಅದರಿಂದಲೇ ಆ 1 M ಬಾಟಲಿ ಮೂರನೆಯ ಮೇಜಿಗೆ ಹೋಗುವ ಮುಂಚೆ ನನ್ನ ಕೈಗೆ ಸಿಕ್ಕಿತು. ಸೋಮವಾರ ಬರುವಾಗ ಪ್ರತಿಯೊಬ್ಬರೂ ಒಂದು ಪೆನ್ಸಿಲ್ ತನ್ನಿ. ದ್ರಾವಣ ಮಾಡುವ ಮುಂಚೆ ಚೀಟಿ ಬರೆಯೋಣ.

ಇತಿ ನಿಮ್ಮ,
ರಸಾಯನಶಾಸ್ತ್ರದ ಪ್ರಶಿಕ್ಷಣಾರ್ಥಿ ಶಿಕ್ಷಕಿ