ಗಾಳಿ ಹೊರಗೆ ಹೋಗುವ ದಾರಿ ಯಾವುದು?

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡದ ಜಾಗಕ್ಕೆ ಒಂದು ಪೀಡೆ ಅಂಟಿಕೊಂಡಿತ್ತು. ದಕ್ಷಿಣಕ್ಕೆ ಗಬ್ಬು ನಾರುವ ತೆರೆದ ಮೋರಿ, ಗಾಳಿ ಹೆಚ್ಚಾಗಿ ಬೀಸುವುದೂ ಅದೇ ಕಡೆಯಿಂದ. ಕಿಟಕಿ ಇಟ್ಟರೆ ನಾತ, ಇಡದಿದ್ದರೆ ಸೆಕೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ದಕ್ಷಿಣದ ಗೋಡೆಯನ್ನು ಮುಚ್ಚಿಯೇಬಿಟ್ಟರು. ಅದರ ಹೊರಮೈಗೆ ಕಪ್ಪು ಕಡಪ ಕಲ್ಲಿನ ಇನ್ನೊಂದು ಪದರ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಪೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇರಿ ತುದಿಯಿಂದ ಆಚೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೋಣೆಗಳ ಗಾಳಿ ನುಗ್ಗುತ್ತದೆ, ಅದರ ಬೆನ್ನಿಗೆ ಉತ್ತರದ ತೆರೆದ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಬೀಸುವ ಗಾಳಿಗೆ ಬೆನ್ನು ತಿರುಗಿಸಿ ನಿಂತ ಕಟ್ಟಡ, ಬಿಸಿಲಿನ ಬಲದಿಂದಲೇ ಉಸಿರಾಡುತ್ತದೆ.

ಅಲ್ಲಿ ಮೊದಲು ಯೋಚಿಸಿದ್ದು ಗಾಳಿ ಹೋಗುವ ದಾರಿಯನ್ನು. ಮನೆ ಕಟ್ಟುವಾಗ ನಾವು ಗಾಳಿ ಬರುವ ದಾರಿಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುತ್ತೇವೆ. ಒಂದೇ ಬಾಯಿಯ ಬಿಂದಿಗೆಯೊಳಗೆ ಎಷ್ಟು ಊದಿದರೂ ಗಾಳಿ ಹರಿಯುವುದಿಲ್ಲ. ಒಂದೇ ಗೋಡೆಗೆ ಕಿಟಕಿಯಿರುವ ಕೋಣೆಯ ಪಾಡೂ ಅದೇ. ಗಾಳಿ ಬಡಿಯುವ ಗೋಡೆಯ ಮೇಲೆ ಒತ್ತಡ ಹೆಚ್ಚು, ಅದರ ಹಿಂಬದಿಯಲ್ಲಿ ಕಡಿಮೆ. ಎರಡೂ ಕಡೆ ತೆರೆದರೆ ಒತ್ತಡದಿಂದ ಎಳೆತದ ಕಡೆಗೆ ಗಾಳಿ ಕೋಣೆಯನ್ನು ಹಾಯ್ದು ಹೋಗುತ್ತದೆ. ಇದೇ ಕ್ರಾಸ್ ವೆಂಟಿಲೇಶನ್. ನಮ್ಮ ಮಲಗುವ ಕೋಣೆಗಳಲ್ಲಿ ಎದುರು ಗೋಡೆಗೆ ಇರುವುದು ಬಾಗಿಲು ಒಂದೇ, ರಾತ್ರಿ ಅದನ್ನೂ ಹಾಕಿಕೊಳ್ಳುತ್ತೇವೆ. ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ಸರಳಿನ ವೆಂಟಿಲೇಟರ್ ಇರುತ್ತಿತ್ತು. ಬಾಗಿಲು ಹಾಕಿದರೂ ಗಾಳಿಗೆ ದಾರಿ ಉಳಿಯುತ್ತಿತ್ತು. ಹೊಸ ಮನೆಗಳಲ್ಲಿ ಆ ಜಾಗಕ್ಕೆ ಸೂಟ್‌ಕೇಸ್ ಇಡುವ ಸಜ್ಜಾ ಬಂದಿದೆ.

30x40 ಸೈಟಿನ ಮನೆಗೆ ಇನ್ನೊಂದು ತೊಡಕು. ಪಕ್ಕದ ಮನೆಯ ಗೋಡೆ ಕೈಗೆಟುಕುವಷ್ಟು ಹತ್ತಿರ. ಆ ಸಂದಿಯಲ್ಲಿ ಗಾಳಿಯೇ ಆಡದಿದ್ದರೆ ಅಲ್ಲಿಗೆ ಕಿಟಕಿ ಇಟ್ಟೂ ಪ್ರಯೋಜನ ಕಡಿಮೆ. ಇಂಥ ಮನೆಗೆ ಒದಗಿಬರುವುದು ಟೆರಿ ಕಟ್ಟಡದ ಉಪಾಯ. ಅದಕ್ಕೆ ಕಡಪ ಕಲ್ಲೂ ಬೇಕಿಲ್ಲ, ಮನೆಯೊಳಗಿನ ಮೆಟ್ಟಿಲ ಜಾಗವೇ ಸಾಕು. ಮೆಟ್ಟಿಲು ತಾರಸಿ ಮುಟ್ಟುವ ಹೆಡ್‌ರೂಮಿನ ಗೋಡೆಗೆ ಬಾಯಿ ಕೊಟ್ಟರೆ ಅದು ಚಿಮಣಿಯಾಗುತ್ತದೆ. ಒಳಗಿನ ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ಹೊರಗಿನ ತಂಪು ಗಾಳಿ ಕೆಳಗಿನ ಕಿಟಕಿಗಳಿಂದ ಬರುತ್ತದೆ. ಸ್ಟ್ಯಾಕ್ ಎಫೆಕ್ಟ್ ಎನ್ನುವುದು ಇದನ್ನೇ.

ಲೆಕ್ಕ ಹಾಕಿಯೇ ನೋಡೋಣ. ಎರಡು ಅಂತಸ್ತಿನ ಮನೆ, ಅಂತಸ್ತಿಗೆ 800 ಚದರ ಅಡಿ, 10 ಅಡಿ ಎತ್ತರ. ಕೆಳಗಿನ ಕಿಟಕಿಯ ನಡುಮಟ್ಟದಿಂದ ಹೆಡ್‌ರೂಮಿನ ಕಿಂಡಿಯ ನಡುಮಟ್ಟಕ್ಕೆ 21 ಅಡಿ. ರಾತ್ರಿ ಒಂಬತ್ತರ ಹೊತ್ತಿಗೆ ಒಳಗಿನ ಗಾಳಿ ಹೊರಗಿನದಕ್ಕಿಂತ 3 ಡಿಗ್ರಿ ಬಿಸಿ ಎನ್ನಿ. ಇಷ್ಟರಿಂದ ಹುಟ್ಟುವ ಎಳೆತ ಗಂಟೆಗೆ 4 ಕಿಲೋಮೀಟರ್ ವೇಗದ ಮೆಲುಗಾಳಿ ಗೋಡೆಗೆ ಕೊಡುವ ಒತ್ತಡದಷ್ಟು ಮಾತ್ರ. ಆದರೂ ಕೆಳಗೆ 10 ಚದರ ಅಡಿ, ಮೇಲೆ 10 ಚದರ ಅಡಿ ತೆರೆದಿದ್ದರೆ ಮನೆಯ ಗಾಳಿಯೆಲ್ಲ ಬದಲಾಗಲು ಹದಿನೇಳು ಹದಿನೆಂಟು ನಿಮಿಷ ಸಾಕು. ಮೇಲಿನ ಕಿಂಡಿಯನ್ನು 2 ಚದರ ಅಡಿಗೆ ಇಳಿಸಿ, ಅದೇ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹೆಡ್‌ರೂಮಿಗೆ ಬೆಳಕಿಗೆಂದು ಸಾಮಾನ್ಯವಾಗಿ ಬಿಡುವುದು ಅಷ್ಟೇ ಸಣ್ಣ ಕಿಂಡಿ; ಅದಕ್ಕೂ ಗಾಜು ಬಡಿದು ಭದ್ರ ಮಾಡಿರುತ್ತಾರೆ! ಎತ್ತರವನ್ನೋ ಉಷ್ಣತೆಯ ವ್ಯತ್ಯಾಸವನ್ನೋ ಇಮ್ಮಡಿ ಮಾಡಿದರೂ ಹರಿವು ಒಂದೂವರೆಪಟ್ಟೂ ಆಗುವುದಿಲ್ಲ. ಕೆಳಗಿನ, ಮೇಲಿನ ಎರಡೂ ಬಾಯಿಗಳನ್ನು ಇಮ್ಮಡಿ ಮಾಡಿದರೆ ಹರಿವೂ ಇಮ್ಮಡಿಯಾಗುತ್ತದೆ. ಹಣ ಸುರಿಯುವುದಾದರೆ ಅಲ್ಲಿ ಸುರಿಯಬೇಕು. ಎರಡು ಹಲಗೆಯ ಸ್ಲೈಡಿಂಗ್ ಕಿಟಕಿ ಪೂರ್ತಿ ಸರಿಸಿದರೂ ತೆರೆಯುವುದು ಅರ್ಧ, ಸೊಳ್ಳೆ ಪರದೆ ಅದರಲ್ಲೂ ಒಂದಷ್ಟು ತಿನ್ನುತ್ತದೆ ಎನ್ನುವುದನ್ನು ಈ ಲೆಕ್ಕದಲ್ಲಿ ಮರೆಯಬಾರದು.

ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿದ್ದರೆ ಮಾತ್ರ ಇದೆಲ್ಲ ನಡೆಯುವುದು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟಿರುತ್ತದೆ, ದಪ್ಪ ಗೋಡೆಯ ಮನೆಯೊಳಗೆ ಅದಕ್ಕಿಂತ ತಂಪು. ಆಗ ಹರಿವು ತಲೆಕೆಳಗಾಗುತ್ತದೆ: ತಂಪು ಗಾಳಿ ಭಾರವಾಗಿ ಕೆಳಗಿನ ಕಿಟಕಿಯಿಂದ ಸೋರುತ್ತದೆ, ಬಿಸಿ ಗಾಳಿ ಹೆಡ್‌ರೂಮಿನಿಂದ ಇಳಿಯುತ್ತದೆ. ಬಿಸಿಲೇರುವ ಮೊದಲು ಎಲ್ಲ ಮುಚ್ಚಬೇಕು, ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ಎಲ್ಲ ತೆರೆಯಬೇಕು. ರಾತ್ರಿಯಿಡೀ ಹಾಯುವ ಗಾಳಿ ಗೋಡೆ, ನೆಲಗಳ ಶಾಖವನ್ನು ಕೊಂಡೊಯ್ದರೆ ಮರುದಿನ ಮಧ್ಯಾಹ್ನದವರೆಗೆ ಆ ತಂಪು ಉಳಿಯುತ್ತದೆ. ಟೆರಿ ಕಟ್ಟಡದಲ್ಲಿ ಹಗಲೂ ಎಳೆತ ಸಿಗುವುದಕ್ಕೆ ಕಾರಣ, ಅಲ್ಲಿ ಕಾಯುವುದು ಗೋಡೆಯಾಚೆಯ ಪೊಳ್ಳು, ಜನ ಕೂರುವ ಕೋಣೆಯಲ್ಲ.

ಕೆಲವರು ಹೆಡ್‌ರೂಮಿಗೆ ಕಿಂಡಿ ಇಡಿಸಿದ ಮೇಲೂ ಮೊದಲ ಮಹಡಿಯ ಸೆಕೆ ಇಳಿಯಲಿಲ್ಲ ಎನ್ನುತ್ತಾರೆ. ಅವರ ದೂರು ಸುಳ್ಳಲ್ಲ. ಇಂಥ ಮನೆಯಲ್ಲಿ ಒಂದು ಮಟ್ಟದ ಕೆಳಗಿನ ಕಿಟಕಿಗಳು ಗಾಳಿಯನ್ನು ಒಳಗೆ ಎಳೆಯುತ್ತವೆ, ಅದರ ಮೇಲಿನವು ಹೊರಗೆ ತಳ್ಳುತ್ತವೆ. ಮೇಲಿನ ಬಾಯಿ ಚಿಕ್ಕದಿದ್ದರೆ ಆ ಮಟ್ಟ ಕೆಳಗಿಳಿದು, ಮೊದಲ ಮಹಡಿಯ ಕಿಟಕಿಗಳೇ ಹೊರದಾರಿಯಾಗುತ್ತವೆ. ಕೆಳಮನೆಯಲ್ಲಿ ಬಿಸಿಯಾದ ಗಾಳಿ ಮೇಲೆ ಮಲಗಿದವರನ್ನು ಹಾಯ್ದು ಹೋಗುತ್ತದೆ. ಹೆಡ್‌ರೂಮಿನ ಬಾಯಿಯನ್ನು ಹಿಗ್ಗಿಸಿದರೆ, ಆಗದಿದ್ದರೆ ಕೆಳಗಿನ ಕಿಟಕಿಗಳಲ್ಲಿ ಒಂದೆರಡನ್ನು ಮುಚ್ಚಿದರೆ, ಆ ಮಟ್ಟ ಮೇಲೇರುತ್ತದೆ.

ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಗಾಳಿಯಾಡದ ರಾತ್ರಿ, ಫ್ಯಾನುಗಳನ್ನೆಲ್ಲ ಆರಿಸಿ, ಬತ್ತಿಯನ್ನು ಮೊದಲು ಕೆಳಗಿನ ಕಿಟಕಿಯ ಸರಳಿನ ಪಕ್ಕ ಹಿಡಿಯಿರಿ. ಹೊಗೆ ಕೋಣೆಯ ಕಡೆ ಬಾಗಬೇಕು. ಮೆಟ್ಟಿಲ ತಿರುವಿನಲ್ಲಿ ನೆಟ್ಟಗೆ ಮೇಲಕ್ಕೆ ಎಳೆದುಕೊಳ್ಳಬೇಕು, ಹೆಡ್‌ರೂಮಿನ ಕಿಂಡಿಯಲ್ಲಿ ಹೊರಗೆ ನುಗ್ಗಬೇಕು. ಮೊದಲ ಮಹಡಿಯ ಕಿಟಕಿಯಲ್ಲಿ ಹೊಗೆ ಆಚೆ ವಾಲಿದರೆ ಆ ಮಟ್ಟ ಕೆಳಗಿದೆ ಎಂದರ್ಥ. ಕಿಂಡಿಯಲ್ಲಿ ಹೊಗೆ ಒಳಗೇ ಮರಳಿದರೆ ಗಾಳಿ ಎದುರಿನಿಂದ ಬಡಿಯುತ್ತಿದೆ. ಅದು ಮೆಲ್ಲಗೆ ಬೀಸಿದರೂ ಮೂರು ಡಿಗ್ರಿಯ ಎಳೆತ ಸೋಲುತ್ತದೆ. ಹೆಡ್‌ರೂಮಿಗೆ ಎದುರುಬದುರು ಎರಡು ಕಡೆ ಕಿಂಡಿ ಇಟ್ಟರೆ ಗಾಳಿ ಬಡಿಯುವ ಕಡೆಯದನ್ನು ಮುಚ್ಚಿಕೊಳ್ಳಬಹುದು.

ಮೇಲಿನ ಮಹಡಿಯ ಸೂರಿನ ಕಾವು ಮಾತ್ರ ಇದರಿಂದ ಹೆಚ್ಚೇನೂ ತಗ್ಗದು. ದಿನವಿಡೀ ಕಾದ ಆರ್‌ಸಿಸಿ ಮಧ್ಯರಾತ್ರಿಯವರೆಗೆ ತಲೆಯ ಮೇಲೆ ಶಾಖ ಸುರಿಸುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿದೋ ನೆರಳು ಮಾಡಿಯೋ ಬಿಸಿಲನ್ನು ಹೊರಗೇ ತಡೆಯಬೇಕು. ಮಂಗಳೂರಿನಂಥ ಕರಾವಳಿಯಲ್ಲೂ ಮೆಟ್ಟಿಲ ಚಿಮಣಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ರಾತ್ರಿಯೂ ಹೊರಗೆ ತಂಪಾಗುವುದು ಅಷ್ಟಕ್ಕಷ್ಟೇ, ಬೆವರು ಆರುವುದೂ ಇಲ್ಲ. ಅಲ್ಲಿ ಬೇಕಾಗಿರುವುದು ಮೈಗೆ ತಾಗುವ ಗಾಳಿ. ಮಂಚದ ಮಟ್ಟಕ್ಕೆ ತಗ್ಗಿಸಿದ ದೊಡ್ಡ ಕಿಟಕಿ, ಎದುರು ಗೋಡೆಗೆ ಅಷ್ಟೇ ದೊಡ್ಡ ಬಾಯಿ, ಹಗಲೂ ರಾತ್ರಿಯೂ ತೆರೆದೇ ಇರಬೇಕು. ಗಾಳಿ ನಿಂತ ದಿನ ಸೀಲಿಂಗ್ ಫ್ಯಾನೇ ಗತಿ.