ಅಜ್ಜನ ರೋಲೆಕ್ಸ್‌ಗೆ ಎರಡು ನಂಬರ್

ಹಳೆಯ ರೋಲೆಕ್ಸ್ ವಾಚಿನ ಮಾದರಿ ತಿಳಿಯಬೇಕಾದರೆ ಮೊದಲು ಪಟ್ಟಿ ಬಿಚ್ಚಬೇಕು. ಪಟ್ಟಿ ಸಿಕ್ಕಿಸುವ ಲಗ್‌ಗಳ ನಡುವೆ, ಕೇಸಿನ ಅಂಚಿನಲ್ಲಿ ಸಂಖ್ಯೆಗಳಿರುತ್ತವೆ. ಹನ್ನೆರಡು ಗಂಟೆಯ ಬದಿಯದು ಮಾದರಿಯ ಸಂಖ್ಯೆ. ಆರರ ಬದಿಯದು ಆ ವಾಚಿಗಷ್ಟೇ ಸೇರಿದ ಸೀರಿಯಲ್ ನಂಬರ್. ತಯಾರಾದ ವರ್ಷವನ್ನು ಅಂದಾಜಿಸುವುದು ಸೀರಿಯಲ್‌ನಿಂದ.

ಲಗ್ ನಡುವೆ 1601 ಎಂದಿದ್ದರೆ ಅದು ಡೇಟ್‌ಜಸ್ಟ್. ಗಾಜಿನ ಸುತ್ತ ಚಿನ್ನದ, ಗೀರುಗೀರಾದ ಬಳೆ ಇರಬೇಕು.

ಹಿಂಬದಿ ಮುಚ್ಚಳದ ಒಳಗೆ ಮಾತ್ರ 1603 ಎಂದು ಕಂಡೀತು! ಗಾಬರಿ ಬೇಡ. 1600, 1601, 1603 ಮೂರಕ್ಕೂ ಒಂದೇ ಅಳತೆಯ ಮುಚ್ಚಳ ಹೊಂದುತ್ತದೆ. ಕಂಪನಿಯೇ ಹಾಗೆ ಜೋಡಿಸಿದ್ದುಂಟು. ಹಾಗಾಗಿ ಮಾದರಿಗೆ ಲಗ್ ನಡುವಿನ ಸಂಖ್ಯೆಯೇ ಆಧಾರ. ಮುಚ್ಚಳದ ಒಳಗೆ ರಿಪೇರಿಯವರು ಕೈಯಿಂದ ಗೀಚಿದ ಅಂಕಿಗಳೂ ಇರಬಹುದು. ಅವು ಸರ್ವಿಸ್ ಗುರುತುಗಳಷ್ಟೇ.

ಲೋಹದ ಪಟ್ಟಿಯ ತುದಿ ಉಜ್ಜಿ ಅಂಕಿ ಸವೆದಿದ್ದರೆ, ಓರೆಯಾಗಿ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಬೇಕು.