ಮನೆಗೆ ಬಂದ ರಾಗಿಗೂ ಬೆಲೆ ಕಟ್ಟಿ

ತುಮಕೂರು ಕಡೆಯ ಒಬ್ಬ ಸಣ್ಣ ರೈತರ ಲೆಕ್ಕ ನೋಡೋಣ. ಮಳೆ ನಂಬಿದ ಒಂದು ಎಕರೆ ರಾಗಿ, ಕೊಟ್ಟಿಗೆಯಲ್ಲಿ ಒಂದು ಸೀಮೆಹಸು. ಉಳುಮೆ, ಬಿತ್ತನೆಗೆ 6,000 ರೂಪಾಯಿ, ಬೀಜ ಗೊಬ್ಬರಕ್ಕೆ 3,500, ಕಳೆ ತೆಗೆಸಲು 4,000, ಕೊಯ್ಲು ಒಕ್ಕಣೆಗೆ 4,500. ಒಟ್ಟು 18,000. ಬೆಳೆದದ್ದು 8 ಕ್ವಿಂಟಲ್. ನಾಲ್ಕನ್ನು ಊಟಕ್ಕೆ ಇಟ್ಟುಕೊಂಡು, ನಾಲ್ಕನ್ನು ಕ್ವಿಂಟಲಿಗೆ 4,000ದಂತೆ ಮಾರಿದರು. ಕೈಗೆ ಬಂದದ್ದು 16,000. (ಈ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಕೂಲಿ, ದರ ಊರಿಂದೂರಿಗೆ ಬೇರೆ.)

ಜೇಬಿನ ಲೆಕ್ಕದಲ್ಲಿ ಇದು ಎರಡು ಸಾವಿರ ನಷ್ಟ. ಆದರೆ ಊಟಕ್ಕೆ ಇಟ್ಟ ರಾಗಿಯನ್ನು ಅಂಗಡಿಯಿಂದ ತಂದಿದ್ದರೆ ದುಡ್ಡು ಕೊಡಬೇಕಿತ್ತಲ್ಲ? ಆ ನಾಲ್ಕು ಕ್ವಿಂಟಲ್ ಹೊಲದ ಆದಾಯವೂ ಹೌದು, ಮನೆಯ ಖರ್ಚೂ ಹೌದು. ಮಾರಿದ ದಿನದ ದರದಲ್ಲೇ 16,000 ಎಂದು ಎರಡೂ ಕಡೆ ಬರೆಯಬೇಕು. ಬಣವೆ ಒಟ್ಟಿದ ರಾಗಿ ಹುಲ್ಲು ಹಸುವಿಗೆ ಹೋಯಿತು. ಕೊಂಡಿದ್ದರೆ ಅದಕ್ಕೆ 6,000 ಆಗುತ್ತಿತ್ತು. ಅದೂ ಹೊಲದ ಆದಾಯ, ಹಸುವಿನ ಖರ್ಚು. ಈಗ ಒಟ್ಟು ಆದಾಯ 38,000, ಖರ್ಚು ಕಳೆದು ಉಳಿದದ್ದು 20,000. ತಿಪ್ಪೆಗೊಬ್ಬರ ಹೊಡೆಸಿದ ವರ್ಷ ಇದೇ ಲೆಕ್ಕ ತಿರುಗುಮುರುಗು: ಗೊಬ್ಬರ ಹಸುವಿನ ಆದಾಯ, ಹೊಲದ ಖರ್ಚು.

ಇಷ್ಟಕ್ಕೇ ಹಿಗ್ಗುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಹದಿನೈದು ದಿನ ಹೊಲದಲ್ಲಿ ದುಡಿದಿದ್ದಾರೆ ಎನ್ನಿ. ದಿನಕ್ಕೆ 400ರಂತೆ 12,000. ಅದನ್ನು ಕಳೆದರೆ 8,000. ಈ ಕೂಲಿಯನ್ನು ಖರ್ಚಿನೊಳಗೆ ಬೆರೆಸದೆ ಕೆಳಗೆ ಬೇರೆ ಸಾಲಿನಲ್ಲಿ ತೋರಿಸುವುದು ಒಳ್ಳೆಯದು, ಏಕೆಂದರೆ ಆ ದುಡ್ಡು ಯಾರ ಕೈಗೂ ಹೋಗಿಲ್ಲ. ಬದಲಿಗೆ ಬದಲಾಗಿ ಬಂದ ಮುಯ್ಯಾಳುಗಳ ದಿನಗಳನ್ನೂ ಅಲ್ಲೇ ಬರೆದಿಡಿ. ಇನ್ನೊಂದು ಬೆಳೆಗೆ ಕೈಹಾಕುವಾಗ ಹೋಲಿಸಿ ನೋಡಬೇಕಾದದ್ದು ಈ ಕೊನೆಯ ಸಾಲನ್ನೇ.

ಇದಕ್ಕೆ ಬೇಕಾದದ್ದು ಒಂದು ಉದ್ದನೆಯ ನೋಟ್‌ಬುಕ್. ತಾರೀಕು, ವಿವರ, ಆಮೇಲೆ ಹೊಲ, ಹಸು, ಮನೆ ಎಂದು ಮೂರು ಅಂಕಣ. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು. ಒಂದೇ ಅಂಗಡಿಯಿಂದ ಯೂರಿಯಾ ಮೂಟೆಯೂ ಮನೆಗೆ ಸೋಪೂ ಬಂದಿದ್ದರೆ ಚೀಟಿಯ ಮೊತ್ತವನ್ನು ಇಡಿಯಾಗಿ ಬರೆಯಬೇಡಿ, ಅಲ್ಲೇ ಒಡೆದು ಬರೆಯಿರಿ. ಬೈಕಿನ ಪೆಟ್ರೋಲಿಗೆ ಮಾತ್ರ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ತಿಂಗಳ ಕೊನೆಗೆ ಅಂದಾಜಿನಲ್ಲಿ ಅರ್ಧ ಹೊಲಕ್ಕೆ, ಅರ್ಧ ಮನೆಗೆ ಹಾಕಿದರೂ ನಡೆದೀತು, ವರ್ಷವಿಡೀ ಅದೇ ಅಂದಾಜು ಇರಲಿ.

ಹೆಚ್ಚು ಎಡವುವುದು ಹಾಲಿನ ದುಡ್ಡಿನಲ್ಲಿ. ಡೈರಿಗೆ ಹದಿನೈದು ದಿನಕ್ಕೆ 140 ಲೀಟರ್ ಹಾಕಿ, ಲೀಟರಿಗೆ 35ರಂತೆ 4,900 ಆಗಿದೆ. ಸಾಲವಾಗಿ ತಂದ ಪಶು ಆಹಾರದ 1,300 ಮುರಿದುಕೊಂಡು 3,600 ಬಟವಾಡೆ ಆಯಿತು. ಬಹಳ ಜನ 3,600 ಅಂತಷ್ಟೇ ಬರೆಯುತ್ತಾರೆ. ಮೇವಿನ ಖರ್ಚು ಅಲ್ಲೇ ಮಾಯ! ಆದಾಯ 4,900, ಖರ್ಚು 1,300 ಎಂದು ಎರಡೂ ಬರಬೇಕು. ಮನೆಗೆ ದಿನಕ್ಕೊಂದು ಲೀಟರ್ ಇಟ್ಟುಕೊಂಡಿದ್ದರೆ ಅದರ 525 ರೂಪಾಯಿ ಹಸುವಿನ ಆದಾಯಕ್ಕೂ ಮನೆಯ ಖರ್ಚಿಗೂ ಸೇರುತ್ತದೆ. ಹುಲ್ಲಿನ ಆರು ಸಾವಿರವನ್ನೂ ಹಸುವಿನ ಖರ್ಚಿಗೆ ಹಾಕಿದ ಮೇಲೆಯೇ ಹೈನು ಲಾಭವೋ ಅಲ್ಲವೋ ಗೊತ್ತಾಗುವುದು.

ವಾರಕ್ಕೊಮ್ಮೆ ಡಬ್ಬಿಯ ದುಡ್ಡು ಎಣಿಸಿ, ಪುಸ್ತಕದ ಬಾಕಿಗೆ ತಾಳೆ ನೋಡಿ. ಹಾಗೆ ನೋಡುವಾಗ ಊಟದ ರಾಗಿ, ಹುಲ್ಲು, ಮನೆಯ ಹಾಲು, ಮನೆಯವರ ಕೂಲಿಯ ಅಂಕಿಗಳನ್ನು ಬಿಟ್ಟುಬಿಡಬೇಕು, ಅವು ದುಡ್ಡಾಗಿ ಬಂದವಲ್ಲ. ಪೆನ್ಸಿಲಿನಲ್ಲಿ ಬರೆದರೆ ಗುರುತು ಸುಲಭ. ಡಬ್ಬಿಯಲ್ಲಿ ಕಡಿಮೆ ಇದ್ದರೆ ಸಾಮಾನ್ಯವಾಗಿ ಮರೆತುಹೋದದ್ದು ಮನೆಯ ಸಣ್ಣಪುಟ್ಟ ಖರ್ಚೇ.

ಇನ್ನು ಸಾಲ. ಸೊಸೈಟಿಯಿಂದ 50,000 ಬೆಳೆ ಸಾಲ ಬಂದರೆ ಅದು ಆದಾಯವಲ್ಲ, ಅಸಲು ಕಟ್ಟಿದ್ದು ಖರ್ಚಲ್ಲ. ಪುಸ್ತಕದ ಹಿಂದಿನ ಪುಟದಲ್ಲಿ ತಂದದ್ದು, ಕಟ್ಟಿದ್ದು, ಬಾಕಿ ಬರೆದರೆ ಸಾಕು. ಬಡ್ಡಿ ಕಟ್ಟಬೇಕಾಗಿ ಬಂದರೆ ಅದು ಮಾತ್ರ ಖರ್ಚು. ಪಿಎಂ ಕಿಸಾನ್‌ನಲ್ಲಿ ಮೂರು ಕಂತಾಗಿ ಬರುವ 6,000ವೂ ಬೆಳೆದ ದುಡ್ಡಲ್ಲ, ಅದನ್ನು ಮನೆಯ ಅಂಕಣಕ್ಕೆ ಹಾಕಿ. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಗೊತ್ತುಮಾಡುವಾಗ ಬ್ಯಾಂಕಿನವರೇ ಬೆಳೆಯ ವೆಚ್ಚದ ಮೇಲೆ ಮನೆಬಳಕೆ, ಕೊಯ್ಲೋತ್ತರ ಖರ್ಚಿಗೆಂದು ಶೇ 10 ಸೇರಿಸುತ್ತಾರೆ. ಅದಕ್ಕೂ ಮೀರಿ ಬೆಳೆ ಸಾಲದಲ್ಲಿ 20,000 ಮಗಳ ಮದುವೆಗೆ ಹೋಗಿದ್ದರೆ, ಆ ಇಪ್ಪತ್ತು ಸಾವಿರದ ಬಡ್ಡಿ ರಾಗಿಯ ತಲೆಗೆ ಬೀಳಬಾರದು, ಮನೆಯ ಅಂಕಣಕ್ಕೇ ಹೋಗಬೇಕು.